ಅತಿಥಿ ಪರಿಚಯ: ಎಲ್ಲಿ ಗ್ರಂಥಭಾಷೆ, ಎಲ್ಲಿ ಆಡುಮಾತು?

ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಶಾಲಾ ವಾರ್ಷಿಕೋತ್ಸವ, ಸಂಘದ ಸನ್ಮಾನ. ಅತಿಥಿ ಪರಿಚಯ ನಿಮ್ಮ ಪಾಲಿಗೆ ಬಂದಿದೆ. ಮುಂದಿನ ಸಾಲಲ್ಲಿ ನಿವೃತ್ತ ಮೇಷ್ಟ್ರುಗಳು, ಹಿಂದೆ ಹೊಲದಿಂದ ನೇರ ಬಂದವರು.

1. ಗ್ರಂಥಭಾಷೆ ಬೇಕಾಗುವುದು ಎರಡೇ ಕಡೆ: ಶುರುವಿನ ಸಂಬೋಧನೆಗೆ, ಹುದ್ದೆ–ಪ್ರಶಸ್ತಿಗಳ ಹೆಸರಿಗೆ. ಅವು ಇದ್ದಂತೆಯೇ ಇರಲಿ. ‘ರಾಜ್ಯೋತ್ಸವ ಪ್ರಶಸ್ತಿ’ಯನ್ನು ‘ಸರ್ಕಾರದವ್ರು ಕೊಟ್ಟಿದ್ದು’ ಎಂದರೆ ಅತಿಥಿಗೆ ಬೇಸರವಾಗುತ್ತದೆ.

2. ಅವರು ಮಾಡಿದ ಕೆಲಸ ಹೇಳುವಾಗ ಆಡುಮಾತಿಗೆ ಇಳಿಯಿರಿ. ಒಬ್ಬ ಮೇಷ್ಟ್ರ ಪರಿಚಯ ಅಂತಿಟ್ಟುಕೊಳ್ಳಿ. ‘ಶ್ರೀಯುತರು ತಮ್ಮ ಸುದೀರ್ಘ ಸೇವಾವಧಿಯಲ್ಲಿ ಶಿಕ್ಷಣ ಕ್ಷೇತ್ರಕ್ಕೆ ಅನನ್ಯ ಕೊಡುಗೆಯನ್ನು ನೀಡಿರುತ್ತಾರೆ’ ಎಂಬ ವಾಕ್ಯ ಯಾರಿಗೆ ಬೇಕಾದರೂ ಹೊಂದುತ್ತದೆ, ಹಾಗಾಗಿ ಯಾರ ಕಿವಿಗೂ ಬೀಳುವುದಿಲ್ಲ. ‘ಬೆಳಿಗ್ಗೆ ಏಳು ಗಂಟೆಗೇ ಬಂದು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಿದ್ರು, ಫೀಸು ಅಂತ ಒಂದ್ರುಪಾಯಿ ಮುಟ್ಲಿಲ್ಲ’ ಅನ್ನಿ. ಹಿಂದಿನ ಸಾಲಿನ ಹಳೇ ವಿದ್ಯಾರ್ಥಿ ತಲೆ ಎತ್ತುತ್ತಾನೆ. ಅಂದಹಾಗೆ, ಆಡುಮಾತಿಗೆ ಇಳಿದರೆ ಸುಳ್ಳು ಹೊಗಳಿಕೆಯೂ ಕಷ್ಟ. ‘ಅನನ್ಯ ಕೊಡುಗೆ’ ಏನೆಂದು ಬಿಡಿಸಿ ಹೇಳಲೇಬೇಕಾಗುತ್ತದೆ.

3. ಆಡುಮಾತಲ್ಲೂ ಎರಡು ಬಗೆ. ‘ಬಂದಿದ್ದಾರೆ’ ಎಂಬುದು ಯಾರ ಬಾಯಲ್ಲೂ ಸಲ್ಲುತ್ತದೆ. ‘ಬಂದವ್ರೆ’ ಈ ಸೀಮೆಯದು. ನೀವು ಇಲ್ಲೇ ಹುಟ್ಟಿ ಬೆಳೆದವರಾದರೆ ಒಂದೆರಡು ಕಡೆ ಬರಲಿ, ಸಭೆ ನಿಮ್ಮದಾಗುತ್ತದೆ. ವರ್ಗವಾಗಿ ಬಂದ ಅಧಿಕಾರಿ ಅದನ್ನೇ ಅಂದರೆ ಅಣಕಿಸಿದಂತೆ ಕೇಳುತ್ತದೆ. ದೇವನೂರ ಮಹಾದೇವ ನಂಜನಗೂಡು ತಾಲ್ಲೂಕಿನವರು. ಈ ಕಡೆಯ ಮಾತಲ್ಲೇ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದ್ದರಿಂದ ಈ ಮಾತು ವೇದಿಕೆಗೆ ತಕ್ಕದ್ದಲ್ಲ ಅನ್ನುವವರನ್ನು ನಂಬಬೇಡಿ.

4. ಬಾಯಿಗೆ ಹತ್ತದ ಪದ ಬಿಡಿ. ಮನೆಯಲ್ಲಿ ಹಕಾರ ಆಡದ ನಾಲಿಗೆ ಮೈಕಿನ ಮುಂದೆ ‘ಹಾರ್ದಿಕ ಸ್ವಾಗತ’ವನ್ನು ‘ಆರ್ಥಿಕ ಸ್ವಾಗತ’ ಮಾಡಿಬಿಡುತ್ತದೆ. ‘ಪ್ರೀತಿಯ ಸ್ವಾಗತ’ ಸಾಕು. ತಡವರಿಸುವ ಪದ ಯಾವುದೆಂದು ತಿಳಿಯಲು ಹಿಂದಿನ ರಾತ್ರಿ ಜೋರಾಗಿ ಓದಿ. ಎರಡು ಸಲ ಎಡವಿದ್ದನ್ನು ಹೊಡೆದುಹಾಕಿ.

5. ಒಂದೇ ವಾಕ್ಯದಲ್ಲಿ ಗ್ರಂಥಭಾಷೆ, ಆಡುಮಾತು ಎರಡನ್ನೂ ಬೆರೆಸಬೇಡಿ. ‘ಇವರು ಅನೇಕ ಕೃತಿಗಳನ್ನು ರಚಿಸಿ ಆಮೇಲೆ ಸುಮ್ಕಾಗ್ಬುಟ್ರು’ ಅಂದರೆ ನಗು ಗ್ಯಾರಂಟಿ. ದಾಟುವುದಾದರೆ ವಾಕ್ಯ ಮುಗಿಸಿ, ಉಸಿರು ತೆಗೆದುಕೊಂಡು ದಾಟಿ.

6. ಬಹುವಚನ ತಪ್ಪಬಾರದು. ಅತಿಥಿ ನಿಮ್ಮ ಚಡ್ಡಿ ದೋಸ್ತಿಯೇ ಇರಲಿ, ವೇದಿಕೆಯಲ್ಲಿ ‘ಅವ್ನು’ ಬೇಡ.

7. ಬಯೋಡೇಟಾ ಕೈಗೆ ಬಂದ ಕೂಡಲೇ ಅತಿಥಿಗೆ ಫೋನ್ ಮಾಡಿ, ‘ಇದರಲ್ಲಿ ಯಾವುದು ಹೇಳ್ಲೇಬೇಕು ಸಾರ್?’ ಎಂದು ಕೇಳಿ. ಅವರು ಹೇಳಿದ ಎರಡು ಸಂಗತಿ ಬರೆದುಕೊಳ್ಳಿ, ಉಳಿದ ಹಾಳೆಯನ್ನು ವೇದಿಕೆಗೆ ತರಬೇಡಿ.