ಗೋಪುರದಿಂದ ಬಿದ್ದ ಗುಂಡು ಪೂರ್ವಕ್ಕೆ ಸರಿಯುವ ವಿಚಾರ

ಎತ್ತರವಾದ ಗೋಪುರದ ತುದಿಯಿಂದ ಒಂದು ಸೀಸದ ಗುಂಡನ್ನು ಮೆಲ್ಲನೆ ಬಿಟ್ಟರೆ ಅದು ಎಲ್ಲಿ ಬೀಳುವುದು? ಗಾರೆಕೆಲಸದವನ ತೂಗುಗುಂಡು ತೋರಿಸುವ ಸ್ಥಳದಲ್ಲಿಯೇ ಬೀಳುವುದೆಂದು ನೀವು ಉತ್ತರ ಕೊಡುವಿರಿ. ಈ ಉತ್ತರವು ಬಹುಮಟ್ಟಿಗೆ ಸರಿ, ಆದರೆ ಪೂರ್ಣವಾಗಿ ಸರಿಯಲ್ಲ. ಗುಂಡು ಆ ಸ್ಥಳದಿಂದ ಕೆಲವು ಮಿಲ್ಲಿಮೀಟರುಗಳಷ್ಟು ಪೂರ್ವಕ್ಕೆ ಸರಿದು ಬೀಳುವುದು. ಇಷ್ಟು ಸ್ವಲ್ಪವಾದ ಅಂತರವು ಭೂಮಿಯು ತಿರುಗುತ್ತಿದೆಯೆಂಬುದಕ್ಕೆ ಸಾಕ್ಷಿಯಾಗಿರುವುದರಿಂದ, ಅದನ್ನು ಅಳೆಯುವುದಕ್ಕಾಗಿ ವಿದ್ವಾಂಸರು ಬಹಳ ಶ್ರಮಪಟ್ಟರು. ಅಂತರವು ಹೇಗೆ ಉಂಟಾಗುವುದು, ಅಳೆದವರ ಅಳತೆಯನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಎರಡು ಸಂಗತಿಗಳನ್ನು ಇಲ್ಲಿ ವಿವೇಚಿಸುವೆವು.

ಭೂಮಿಯು ನಿಶ್ಚಲವೆಂದು ನಂಬಿದ್ದ ಪೂರ್ವಕಾಲದ ಪಂಡಿತರು, “ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದು ನಿಜವಾಗಿದ್ದರೆ, ಕಲ್ಲು ಆಕಾಶದಲ್ಲಿರುವಷ್ಟರಲ್ಲಿ ಗೋಪುರವು ಮುಂದಕ್ಕೆ ಹೋಗಿಬಿಡಬೇಕು, ಕಲ್ಲು ಹಿಂದೆ, ಅಂದರೆ ಪಶ್ಚಿಮಕ್ಕೆ, ಬೀಳಬೇಕು” ಎಂದು ವಾದಿಸುತ್ತಿದ್ದರು. ಗೆಲಿಲಿಯೋ 1632 ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟನು. ಸಾಗುತ್ತಿರುವ ಹಡಗಿನ ಕೂವೆಮರದ ಮೇಲಿನಿಂದ ಬಿಟ್ಟ ಕಲ್ಲು ಕಂಬದ ಬುಡದಲ್ಲಿಯೇ ಬೀಳುವುದು. ಏಕೆಂದರೆ ಕೈಬಿಡುವ ಕ್ಷಣದಲ್ಲಿ ಆ ಕಲ್ಲಿಗೂ ಹಡಗಿನ ವೇಗವು ಇದ್ದೇ ಇರುವುದು. ಹಾಗೆಯೇ ಗೋಪುರದ ಮೇಲಿನ ಕಲ್ಲು ಭೂಮಿಯೊಂದಿಗೆ ಸಾಗುತ್ತಲೇ ಬೀಳುವುದರಿಂದ ಹಿಂದೆ ಉಳಿಯಲಾರದು.

ಆದರೆ ಹಡಗಿಗೂ ಭೂಮಿಗೂ ಒಂದು ಭೇದವುಂಟು. ನೆಟ್ಟಗೆ ಸಾಗುವ ಹಡಗಿನ ಕಂಬದ ತುದಿಗೂ ಬುಡಕ್ಕೂ ಒಂದೇ ವೇಗ. ಭೂಮಿಯಾದರೋ ಸುತ್ತುತ್ತಿರುವುದು. ಬಂಡಿಯ ಚಕ್ರದಲ್ಲಿ ಗುಂಬದ ಬಳಿಯಿರುವ ಭಾಗಕ್ಕಿಂತ ಅಂಚಿನಲ್ಲಿರುವ ಭಾಗವು ಹೆಚ್ಚು ವೇಗವಾಗಿ ಓಡುವಂತೆ, ಗೋಪುರದ ಬುಡಕ್ಕಿಂತ ಅದರ ತುದಿಯು ದೊಡ್ಡ ವೃತ್ತದಲ್ಲಿ ಸುತ್ತುವುದರಿಂದ ತುಸು ಹೆಚ್ಚು ವೇಗವುಳ್ಳದ್ದಾಗಿದೆ. ಆ ಹೆಚ್ಚಿನ ವೇಗವನ್ನು ಗುಂಡು ತನ್ನೊಡನೆ ತರುವುದರಿಂದ, ಅದು ಹಿಂದೆ ಉಳಿಯುವುದಕ್ಕೆ ಬದಲಾಗಿ ಬುಡವನ್ನು ದಾಟಿ ಪೂರ್ವಕ್ಕೆ ಬೀಳಬೇಕು. ಈ ಮಾತನ್ನು ನ್ಯೂಟನನು 1679 ರಲ್ಲಿ ಹೂಕನಿಗೆ ಬರೆದ ಒಂದು ಪತ್ರದಲ್ಲಿ ಸೂಚಿಸಿದನು.

ಈ ಸರಿತವು ಎಷ್ಟೆಂಬುದನ್ನು ಒಂದು ನಿಜವಾದ ಗೋಪುರದ ದೃಷ್ಟಾಂತದಿಂದ ಲೆಕ್ಕಮಾಡೋಣ. ಜರ್ಮನಿಯ ಹ್ಯಾಂಬರ್ಗ್ ನಗರದ ಸಂತ ಮೈಕೇಲನ ದೇವಾಲಯದ ಗೋಪುರದಲ್ಲಿ 1802 ರಲ್ಲಿ ಬೆಂಟ್ಸೆನ್‌ಬರ್ಗ್ ಎಂಬವನು 76.3 ಮೀಟರ್ ಎತ್ತರದಿಂದ ಗುಂಡುಗಳನ್ನು ಬೀಳಿಸಿದನು. ಭೂಮಧ್ಯರೇಖೆಯ ಮೇಲೆ ಇಂಥ ಗೋಪುರವಿದ್ದರೆ, ಅದರ ತುದಿಯ ವೃತ್ತವು ಬುಡದ ವೃತ್ತಕ್ಕಿಂತ ಸುಮಾರು 479 ಮೀಟರ್ ಉದ್ದವಾಗಿರುವುದು. ಹ್ಯಾಂಬರ್ಗ್ ಬಹಳ ಉತ್ತರದಲ್ಲಿರುವುದರಿಂದ ಅಲ್ಲಿಯ ವೃತ್ತಗಳು ಚಿಕ್ಕವು; ಆದಕಾರಣ ಅಲ್ಲಿ ಈ ವ್ಯತ್ಯಾಸವು ಸುಮಾರು 285 ಮೀಟರ್ ಮಾತ್ರ. ಭೂಮಿಯು ಒಂದು ಸುತ್ತು ತಿರುಗಲು 86,164 ಸೆಕೆಂಡುಗಳು ಬೇಕು. 285 ಮೀಟರುಗಳನ್ನು ಇಷ್ಟು ಸೆಕೆಂಡುಗಳಿಂದ ಭಾಗಿಸಿದರೆ, ಗೋಪುರದ ತುದಿಯು ಬುಡಕ್ಕಿಂತ ಸೆಕೆಂಡಿಗೆ 3.3 ಮಿಲ್ಲಿಮೀಟರಿನಷ್ಟು ಹೆಚ್ಚಾಗಿ ಸಾಗುವುದೆಂದು ತಿಳಿಯುವುದು. ಇದು ಇರುವೆಯ ನಡಿಗೆಗಿಂತಲೂ ನಿಧಾನ. ಗುಂಡು ಕೆಳಗೆ ತಲಪಲು 3.94 ಸೆಕೆಂಡುಗಳು ಹಿಡಿಯುವುವು. ಗುಣಿಸಿದರೆ 13 ಮಿಲ್ಲಿಮೀಟರ್ ಬರುವುದು.

ಲೆಕ್ಕವು ಮುಗಿಯಿತೆಂದು ಸ್ಲೇಟನ್ನು ಕೆಳಗಿಡಬೇಡಿರಿ. ಅನೇಕರು ಎಡವುವ ಸ್ಥಳ ಇದೇ. ಗುಂಡು ಬೀಳುತ್ತಿರುವ ಆ ನಾಲ್ಕು ಸೆಕೆಂಡುಗಳಲ್ಲಿ ಅದು ಸುಮ್ಮನೆ ಕೆಳಗಿಳಿಯುವುದಿಲ್ಲ. ಭೂಮಿಯ ಸಂಗಡ ಸುಮಾರು 1,090 ಮೀಟರ್ ಪೂರ್ವಕ್ಕೂ ಸಾಗಿರುವುದು. ಭೂಮಿಯು ಗುಂಡಗಿರುವುದರಿಂದ, ಹೊರಟಾಗ ನೇರ ಕೆಳಗಿದ್ದ ಭೂಕೇಂದ್ರವು ಈಗ ಅದಕ್ಕೆ ಸ್ವಲ್ಪ ಹಿಂದೆ, ಪಶ್ಚಿಮದ ಕಡೆಗೆ, ಇರುವುದು. ಆಕರ್ಷಣವು ಯಾವಾಗಲೂ ಕೇಂದ್ರದ ಕಡೆಗೇ ಎಳೆಯುವುದಾದ್ದರಿಂದ, ಗುಂಡು ಮುಂದೆ ಹೋದಂತೆಲ್ಲಾ ಆ ಎಳೆತವು ಅತ್ಯಲ್ಪವಾಗಿ ಹಿಂದಕ್ಕೆ ಓರೆಯಾಗುವುದು. ಓರೆಯು ಮೊದಲು ಏನೂ ಇಲ್ಲದೆ ಕ್ರಮಕ್ರಮವಾಗಿ ಹೆಚ್ಚುವುದು. ಇದರಿಂದ ಹ್ಯಾಂಬರ್ಗಿನ ಗುಂಡಿಗೆ 4.3 ಮಿಲ್ಲಿಮೀಟರ್ ನಷ್ಟವಾಗುವುದು. 13 ರಿಂದ 4.3 ನ್ನು ಕಳೆದರೆ 8.7 ಮಿಲ್ಲಿಮೀಟರ್ ಉಳಿಯುವುದು. ಇದೇ ನಿಜವಾದ ಸರಿತ. ಗೋಪುರವು ಎಷ್ಟೇ ಎತ್ತರವಿರಲಿ, ಮೊದಲಿನ ಲೆಕ್ಕದಲ್ಲಿ ಮೂರನೆಯ ಒಂದು ಪಾಲನ್ನು ಹೀಗೆ ಬಿಡಬೇಕು. ಗೌಸ್ ಮತ್ತು ಲಾಪ್ಲಾಸ್ ಎಂಬ ಮಹಾ ಗಣಿತಜ್ಞರು 1803 ರಲ್ಲಿ, ಅಂದರೆ ಹ್ಯಾಂಬರ್ಗಿನ ಪ್ರಯೋಗದ ಮರುವರ್ಷ, ಇದರ ಸರಿಯಾದ ಗಣಿತವನ್ನು ನಿರ್ಣಯಿಸಿದರು.

ಆ ಗೋಪುರವೇ ನಮ್ಮ ಮಂಗಳೂರಿನ ಅಕ್ಷಾಂಶದಲ್ಲಿದ್ದರೆ ಸರಿತವು ಹೆಚ್ಚಾಗುವುದು. ನಾವು ಭೂಮಧ್ಯರೇಖೆಗೆ ಹತ್ತಿರವಾಗಿರುವುದರಿಂದ ನಮ್ಮ ವೃತ್ತವು ದೊಡ್ಡದು, ಇಲ್ಲಿ 8.7 ಕ್ಕೆ ಬದಲಾಗಿ 14 ಮಿಲ್ಲಿಮೀಟರಿಗಿಂತ ಸ್ವಲ್ಪ ಹೆಚ್ಚು ಸಿಕ್ಕುವುದು. ಧ್ರುವದಲ್ಲಿಯಾದರೋ ಏನೂ ಸರಿಯದು.

ಇನ್ನು ಅಳತೆಯ ವಿಷಯಕ್ಕೆ ಬರೋಣ. ಬೆಂಟ್ಸೆನ್‌ಬರ್ಗನಿಗಿಂತ ಮೊದಲು, 1791 ರಲ್ಲಿ, ಇಟಲಿಯ ಬೊಲೊನ್ಯ ಪಟ್ಟಣದಲ್ಲಿ ಗುಲ್ಯೆಲ್ಮೀನಿ ಎಂಬ ಪಂಡಿತನು ಆಸಿನೆಲ್ಲಿ ಎಂಬ ಪ್ರಾಚೀನ ಗೋಪುರದೊಳಗೆ 78.3 ಮೀಟರ್ ಎತ್ತರದಿಂದ 16 ಗುಂಡುಗಳನ್ನು ಬೀಳಿಸಿದನು. ಬೀದಿಯ ಬಂಡಿಗಳ ಅದುರು ತಟ್ಟದಿರಲೆಂದು ರಾತ್ರಿಯನ್ನು ಆರಿಸಿಕೊಂಡನು. ಕೈಯಿಂದ ಬಿಟ್ಟರೆ ಬೆರಳಿನ ತಳ್ಳಿಕೆಯು ತಗಲುವುದೆಂದು, ಗುಂಡನ್ನು ನೂಲಿನಿಂದ ತೂಗಹಾಕಿ, ಅದರ ಅಲುಗಾಟವು ಪೂರ್ಣವಾಗಿ ನಿಂತ ಮೇಲೆ ನೂಲನ್ನು ಸುಟ್ಟನು. ಇಷ್ಟೆಲ್ಲಾ ಜಾಗರೂಕತೆಯಿಂದ ಪಡೆದ ಸರಾಸರಿಯು ಪೂರ್ವಕ್ಕೆ ಸುಮಾರು 19 ಮಿಲ್ಲಿಮೀಟರ್, ದಕ್ಷಿಣಕ್ಕೆ ಸುಮಾರು 12 ಮಿಲ್ಲಿಮೀಟರ್. ನಾವು ಮೇಲೆ ಮಾಡಿದ ಲೆಕ್ಕವನ್ನು ಆ ಗೋಪುರಕ್ಕೆ ಅನ್ವಯಿಸಿದರೆ ಪೂರ್ವಕ್ಕೆ 11 ಮಿಲ್ಲಿಮೀಟರ್ ಮಾತ್ರ ಇರತಕ್ಕದ್ದು.

ತಪ್ಪು ಎಲ್ಲಿ ನುಸುಳಿತು? ಗುಂಡು ಬಿದ್ದ ಗುರುತನ್ನು ತೂಗುಗುಂಡಿನ ಬಿಂದುವಿನಿಂದ ಅಳೆಯಬೇಕಷ್ಟೆ. ಗುಲ್ಯೆಲ್ಮೀನಿಯು ಆ ಬಿಂದುವನ್ನು ಗುಂಡುಗಳನ್ನು ಬೀಳಿಸಿದ ಕಾಲದಲ್ಲಿ ಗೊತ್ತುಮಾಡಲಿಲ್ಲ. ಬೇಸಗೆಯಲ್ಲಿ ಗುಂಡುಗಳು ಬಿದ್ದುವು; ಲಂಬವನ್ನು ನೋಡಿದ್ದು ಹಲವು ತಿಂಗಳುಗಳ ತರುವಾಯ, ಚಳಿಗಾಲದಲ್ಲಿ. ಇಟ್ಟಿಗೆಯ ಎತ್ತರವಾದ ಗೋಪುರವು ಬಿಸಿಲು ತಗಲಿದ ಪಾರ್ಶ್ವದಲ್ಲಿ ಹಿಗ್ಗಿ, ಋತುವಿಗೆ ತಕ್ಕಂತೆ ಸ್ವಲ್ಪ ಬಾಗುವುದು. ಒಂದು ಸೆಂಟಿಮೀಟರನ್ನು ಹುಡುಕುವ ಪ್ರಯೋಗಕ್ಕೆ ಆ ಬಾಗುವಿಕೆಯೇ ಸಾಕಾದಷ್ಟು ಶತ್ರು.

ಈ ತಪ್ಪನ್ನು ನಾವು ಗಣಿತವಿಲ್ಲದೆಯೇ ಕಂಡುಹಿಡಿಯಬಹುದು. ಅದಕ್ಕೆ ಸಾಧನವು ದಕ್ಷಿಣದ ಆ 12 ಮಿಲ್ಲಿಮೀಟರ್. ಭೂಮಿಯ ತಿರುಗುವಿಕೆಯು ವಸ್ತುಗಳನ್ನು ಅಕ್ಷದಿಂದ ಹೊರಕ್ಕೆ, ಅಂದರೆ ನಮ್ಮ ಉತ್ತರಾರ್ಧಗೋಲದಲ್ಲಿ ತುಸು ದಕ್ಷಿಣದ ಕಡೆಗೆ, ನೂಕುವುದು ನಿಜ. ಆದರೆ ಅದೇ ನೂಕುವಿಕೆಯು ತೂಗುಗುಂಡಿಗೂ ತಗಲಿ, ಅದರ ದಾರವನ್ನು ಮೊದಲೇ ಅಷ್ಟೇ ಓರೆಮಾಡಿರುವುದು. ಬೀಳುವ ಗುಂಡನ್ನು ಅದೇ ದಾರದಿಂದ ಅಳೆಯುವುದರಿಂದ ಎರಡೂ ಸರಿಹೋಗುವುವು. ಉಳಿಯುವ ದಕ್ಷಿಣ ಸರಿತವು ಇಂಥ ಗೋಪುರದಲ್ಲಿ ಮಿಲ್ಲಿಮೀಟರಿನ ನೂರನೆಯ ಒಂದು ಪಾಲಿಗೂ ಕಡಿಮೆ. ಆದಕಾರಣ ದಕ್ಷಿಣಕ್ಕಾಗಲಿ ಉತ್ತರಕ್ಕಾಗಲಿ ಕಾಣುವ ಸರಿತವೆಲ್ಲಾ ಪ್ರಯೋಗದ ದೋಷವೇ. ದಕ್ಷಿಣಕ್ಕೆ 12 ಮಿಲ್ಲಿಮೀಟರ್ ತಪ್ಪಿದವನು ಪೂರ್ವಕ್ಕೂ ಅಷ್ಟೇ ತಪ್ಪಿರಬಹುದಲ್ಲವೇ?

ಇದೇ ಒರೆಗಲ್ಲಿಗೆ ಹ್ಯಾಂಬರ್ಗಿನ ಫಲವನ್ನೂ ತಿಕ್ಕಿ ನೋಡಿರಿ. ಬೆಂಟ್ಸೆನ್‌ಬರ್ಗನ 31 ಗುಂಡುಗಳ ಸರಾಸರಿಯು ಪೂರ್ವಕ್ಕೆ 9.0 ಮಿಲ್ಲಿಮೀಟರ್, ಲೆಕ್ಕವು ಹೇಳುವುದು 8.7. ಎಂಥ ಸುಂದರವಾದ ಹೊಂದಿಕೆ! ಆದರೆ ಅವನಿಗೆ ದಕ್ಷಿಣಕ್ಕೂ 3.4 ಮಿಲ್ಲಿಮೀಟರ್ ಸಿಕ್ಕಿತು. ಬಿದ್ದ ಗುರುತುಗಳೂ ಒಂದೇ ಕಡೆ ಇರದೆ ಚದರಿದ್ದುವು. ಗಾಳಿಯ ಸುಳಿ, ಬಿಡುಗಡೆಯಲ್ಲಿ ಕಾಣದ ಅಲುಗು, ಗುಂಡು ತನ್ನಷ್ಟಕ್ಕೆ ತಿರುಗುವುದು, ಇವೆಲ್ಲವೂ ಅದನ್ನು ಅತ್ತಿತ್ತ ಒಯ್ಯುವುವು. ಹೀಗಿರಲು ನ್ಯಾಯವಾಗಿ ಹೇಳಬಹುದಾದದ್ದು ಇಷ್ಟೇ: ಪೂರ್ವದ ಸರಿತವು ದೋಷಕ್ಕಿಂತ ದೊಡ್ಡದಾಗಿ ಕಂಡಿತು, ಆದರೆ ಅದರ ಪರಿಮಾಣವು ಮೂರು ನಾಲ್ಕು ಮಿಲ್ಲಿಮೀಟರುಗಳಷ್ಟು ಸಂದಿಗ್ಧವಾಗಿಯೇ ಉಳಿಯಿತು. ಲೆಕ್ಕದೊಡನೆ ಅಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಉಂಟು.

ಈ ದಕ್ಷಿಣದ ತೊಡಕನ್ನು ಬಿಡಿಸುವುದಕ್ಕಾಗಿಯೇ ಅಮೇರಿಕದ ಹಾರ್ವರ್ಡ್ ವಿದ್ಯಾಲಯದ ಎಡ್ವಿನ್ ಹಾಲ್ ಎಂಬ ಪ್ರೊಫೆಸರನು 1902 ರಲ್ಲಿ ಬೇರೊಂದು ಮಾರ್ಗವನ್ನು ಹಿಡಿದನು. ಅವನು ಎತ್ತರವನ್ನು ಹೆಚ್ಚಿಸದೆ ತಗ್ಗಿಸಿದನು. ಕೇವಲ 23 ಮೀಟರ್. ಇಲ್ಲಿ ಪೂರ್ವದ ಸರಿತವು ಲೆಕ್ಕದ ಪ್ರಕಾರ ಸುಮಾರು 1.8 ಮಿಲ್ಲಿಮೀಟರ್ ಮಾತ್ರ. ಆದರೆ ಎತ್ತರವು ಕಡಿಮೆಯಾದಷ್ಟೂ ಗಾಳಿಯ ಚಲನೆಯನ್ನು ತಡೆಯುವುದು ಸುಲಭ, ಗುಂಡುಗಳನ್ನು ಮತ್ತೆ ಮತ್ತೆ ಬೀಳಿಸುವುದೂ ಸುಲಭ. ಅವನು 948 ಗುಂಡುಗಳನ್ನು ಬೀಳಿಸಿದನು. ಒಂದೊಂದು ಗುಂಡಿನ ದೋಷವು ಒಂದೊಂದು ಕಡೆಗಿರುವುದರಿಂದ, ಎಣಿಕೆ ಹೆಚ್ಚಿದಂತೆ ಅವು ಒಂದನ್ನೊಂದು ಅಳಿಸಿಕೊಳ್ಳುವುವು. ಅವನ ಸರಾಸರಿಯು ಪೂರ್ವಕ್ಕೆ ಸುಮಾರು 1.5 ಮಿಲ್ಲಿಮೀಟರ್, ದಕ್ಷಿಣಕ್ಕೆ ಮಿಲ್ಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟೂ ಇಲ್ಲ, ಅಂದರೆ ಅವನ ಅಳತೆಯ ದೋಷದ ಮಿತಿಯೊಳಗೆ.

ಹಾಲನ ಅಂಕೆಯು ಹ್ಯಾಂಬರ್ಗಿನ ಅಂಕೆಯಷ್ಟು ಚೆನ್ನಾಗಿ ಲೆಕ್ಕಕ್ಕೆ ಹೊಂದಲಿಲ್ಲವೆಂಬುದನ್ನು ಗಮನಿಸಿರಿ. ಆದರೂ ಹೆಚ್ಚು ನಂಬಿಕೆಗೆ ಯೋಗ್ಯವಾದದ್ದು ಹಾಲನದೇ. ಏಕೆಂದರೆ ಏನೂ ಇರಬಾರದ ದಿಕ್ಕಿನಲ್ಲಿ ಅವನಿಗೆ ಏನೂ ಕಾಣಲಿಲ್ಲ. ಆದ್ದರಿಂದ ಗೋಪುರದ ಯಾವ ಪ್ರಯೋಗದ ವರದಿಯನ್ನು ಓದಿದರೂ, ಗುಂಡು ಪೂರ್ವಕ್ಕೆ ಎಷ್ಟು ಸರಿಯಿತೆಂದು ಕೇಳುವುದಕ್ಕೆ ಮುಂಚೆ, ದಕ್ಷಿಣಕ್ಕೆ ಎಷ್ಟು ಸರಿಯಿತೆಂದು ಕೇಳಿರಿ.