ಹೆಸರಿಲ್ಲದ ಫೋಟೋಕ್ಕೆ ಕಥೆ ಬರೆಯುವಾಗ

ಲೋಕಾಪುರದ ಕಡೆಯ ಮನೆಯೊಂದರ ಹಳೆಯ ಫೋಟೋ ಮೊಬೈಲಿಗೆ ಬಂತು. ಕುರ್ಚಿಯಲ್ಲಿ ರುಮಾಲು ಸುತ್ತಿದ ಹಿರಿಯರು, ಪಕ್ಕದಲ್ಲಿ ಸೆರಗು ಹೊದ್ದು ನಿಂತ ಹೆಣ್ಣುಮಗಳು, ಮುಂದೆ ಕೋಟು ಹಾಕಿದ ಹುಡುಗ. ಯಾರು, ಯಾವಾಗ, ಒಂದಕ್ಷರವೂ ಇಲ್ಲ. ಇಂಥವುಗಳಿಗೆ ಕಥೆ ಬರೆಯುತ್ತ ಕಲಿತದ್ದಿಷ್ಟು.

1. ಮೊದಲು ಹಿಂಬದಿಯ ಚಿತ್ರವನ್ನೂ ತರಿಸಿಕೊಳ್ಳಿ. ಸ್ಟುಡಿಯೋ ಮುದ್ರೆಯೋ ಪೋಸ್ಟ್ ಕಾರ್ಡಿನ ಗೆರೆಗಳೋ ಅಲ್ಲಿರಬಹುದು. ಕತ್ತರಿಸದ ಅಂಚೂ ಬೇಕು. ಬಣ್ಣದ ಪರದೆ ಎಲ್ಲಿ ಮುಗಿದು ಮನೆಯ ಗೋಡೆ ಎಲ್ಲಿ ಶುರುವಾಗುತ್ತದೆಂಬುದು ಅಲ್ಲೇ ಕಾಣುವುದು.

2. ಕಪ್ಪು-ಬಿಳುಪನ್ನು ನಂಬಬೇಡಿ. ಹಳೆಯ ಪ್ಲೇಟು, ಫಿಲ್ಮುಗಳಲ್ಲಿ ಅನೇಕಕ್ಕೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹೀಗಾಗಿ ಕೆಂಪು ಕಪ್ಪಾಗಿ, ತಿಳಿನೀಲಿ ಬಹುತೇಕ ಬೆಳ್ಳಗೆ ಮೂಡುತ್ತಿತ್ತು. ಇಳಕಲ್ ಸೀರೆಯ ಕೆಂಪು ಸೆರಗು ಕಪ್ಪಾಗಿ ಕಾಣುತ್ತದೆ, ಅದರ ಮೇಲಿನ ಬಿಳಿ ತೋಪುತೆನೆ ಮಾತ್ರ ಹಲ್ಲಿನ ಸಾಲಿನಂತೆ ಎದ್ದು ನಿಲ್ಲುತ್ತದೆ. ಈ ಫೋಟೋದಲ್ಲೂ ಹಾಗೇ ಇತ್ತು, ಸೀರೆಯ ಒಡಲು ಮಾತ್ರ ಬೆಳ್ಳಗೆ. ಬಿಳಿ ಸೀರೆ ಕಂಡ ಕೂಡಲೇ ವಿಧವೆಯ ಕಥೆ ಹೆಣೆಯುವವರು ಬಹಳ. ಹಿಗ್ಗಿಸಿ ನೋಡಿದರೆ ಹಣೆಯಲ್ಲಿ ಕರಿ ಚುಕ್ಕೆ, ಅದು ಕುಂಕುಮ. ಚುಕ್ಕೆ ಕಾಣದಿದ್ದರೂ ತೀರ್ಪು ಕೊಡಬೇಡಿ, ಅಚ್ಚು ಮಾಸಿರಬಹುದು.

3. ಹೊಂದದ ಒಂದು ವಸ್ತು ಹಿಡಿಯಿರಿ. ಇಲ್ಲಿ ಅದು ಹುಡುಗನ ಕೋಟು. ತೋಳು ಅರ್ಧ ಅಂಗೈ ಮುಚ್ಚಿದೆ, ಕಾಲಲ್ಲಿ ಚಪ್ಪಲಿಯಿಲ್ಲ. ಸ್ಟುಡಿಯೋದವರು ಕೋಟು, ಟೊಪ್ಪಿಗೆ ಎರವಲು ಕೊಡುತ್ತಿದ್ದರು. ಅಣ್ಣನದೂ ಆಗಿರಬಹುದು, ಆದರೆ ಅಣ್ಣ ಫೋಟೋದಲ್ಲಿಲ್ಲ. ನನಗೆ ಕಥೆ ಸಿಕ್ಕಿದ್ದು ಇಲ್ಲೇ: ಅಣ್ಣ ಬನಹಟ್ಟಿಗೆ ಮಗ್ಗದ ಕೆಲಸಕ್ಕೆ ಹೋಗಿದ್ದಾನೆ, ಕೋಟು ಮನೆಯಲ್ಲಿ ಉಳಿದಿದೆ.

"ಅಪ್ಪಾ, ಅಣ್ಣ ಬಂದು ಕೇಳಿದ್ರ?"

"ಸುಮ್ನ ನಿಂದರು."

ಇಷ್ಟೇ ಮಾತು ಸಾಕಾಯಿತು. ಅವ್ವನ ಬಾಯಿಂದ ಒಂದು ಮಾತೂ ಹೊರಡಿಸಲಿಲ್ಲ. ಮುಖಗಳು ಬಿಗಿದಿವೆಯೆಂದು ಮನೆಯಲ್ಲಿ ದುಃಖ ತುಂಬುವುದೂ ಬೇಡ. ಆಗ ಕ್ಯಾಮೆರಾ ಮುಂದೆ ನಗುವ ರೂಢಿಯೇ ಕಡಿಮೆ, ಅಲುಗಿದರೆ ಚಿತ್ರ ಕೆಡುತ್ತಿತ್ತು.

4. ಕಾಲ ಗೊತ್ತಿಲ್ಲದಿದ್ದರೆ ಇಸವಿ ಹಾಕಬೇಡಿ. ಲೋಕಾಪುರದ ಕಡೆಯ ಮುಧೋಳ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಕಥೆ ಅದರ ಹಿಂದೋ ಮುಂದೋ ಎಂಬುದು ನಿಮಗೇ ಖಾತ್ರಿಯಿಲ್ಲದಾಗ ಸರಕಾರ, ಕಚೇರಿ, ಮಹಾರಾಜರ ಸುದ್ದಿ ಬಿಟ್ಟು ಕೋಟಿನ ಸುತ್ತಲೇ ಇರಿ.

5. ಕಥೆಯೊಳಗಿನ ಹೆಸರುಗಳು ನಿಮ್ಮವೇ ಇರಲಿ, ಅಡ್ಡಹೆಸರಂತೂ ಬೇಡವೇ ಬೇಡ. ಅಚ್ಚಿಗೆ ಕೊಡುವ ಮೊದಲು ಫೋಟೋ ಕಳಿಸಿದ ಮನೆಯವರಿಗೆ ಓದಿ ತೋರಿಸಿ. ಅವರು ಒಲ್ಲೆ ಅಂದರೆ ಫೋಟೋ ತೆಗೆದು ಕಥೆಯೊಂದನ್ನೇ ಕಳಿಸಿ.