ಮಾರಿದ್ದು ಅಷ್ಟೇ, ಲಾಭ ಮಾತ್ರ ಬೇರೆ: ಆಲೆಮನೆಯ ದಾಸ್ತಾನು ಮತ್ತು ವೆಚ್ಚದ ಲೆಕ್ಕ

ಮಂಡ್ಯದ ಕಡೆ ಕಬ್ಬು ಬೆಳೆಯುವ ಐದು ಮಂದಿ ರೈತರು ಪಾಲಿನ ಮೇಲೆ ಒಂದು ಆಲೆಮನೆ ನಡೆಸುತ್ತಿದ್ದಾರೆಂದು ಇಟ್ಟುಕೊಳ್ಳಬಹುದು. ವರ್ಷಕ್ಕೆ ಸುಮಾರು 1000 ಕ್ವಿಂಟಾಲ್ ಬೆಲ್ಲ ತೆಗೆಯುವ ಸಾಧಾರಣ ಆಲೆಮನೆ. ಮಾರ್ಚ್ 31ರಂದು ಗುಮಾಸ್ತನು ಲೆಕ್ಕ ಮುಗಿಸಿ, "ಈ ವರ್ಷ ಲಾಭ ಎರಡು ಲಕ್ಷ, ಹೋದ ವರ್ಷದ ಎರಡರಷ್ಟು" ಎಂದು ಓದಿ ಹೇಳುತ್ತಾನೆ. ಪಾಲುದಾರರಲ್ಲಿ ಹಿರಿಯರಾದವರು ಕೇಳುತ್ತಾರೆ: "ಮಾರಿದ್ದು ಹೋದ ವರ್ಷದಷ್ಟೇ. ಬೆಲೆಯೂ ಅಷ್ಟೇ. ಕಬ್ಬಿನ ದರವೂ ಏರಿಲ್ಲ, ಇಳಿದಿಲ್ಲ. ಹೆಚ್ಚಿನ ಲಾಭ ಎಲ್ಲಿಂದ ಬಂತಪ್ಪಾ?" ಗುಮಾಸ್ತನು ಕೂಡುವುದರಲ್ಲಿ ತಪ್ಪಿಲ್ಲ, ಕಳೆಯುವುದರಲ್ಲಿಯೂ ತಪ್ಪಿಲ್ಲ. ಆದರೂ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇರುವುದು ಉಗ್ರಾಣದಲ್ಲಿ ಉಳಿದಿರುವ ಬೆಲ್ಲದ ಅಚ್ಚುಗಳಲ್ಲಿ.

ಎರಡು ಬಗೆಯ ವೆಚ್ಚ

ಆಲೆಮನೆಯ ಖರ್ಚುಗಳಲ್ಲಿ ಕೆಲವು ಬೆಲ್ಲದ ಪ್ರಮಾಣದೊಡನೆ ಏರುತ್ತವೆ, ಇಳಿಯುತ್ತವೆ. ಕಬ್ಬಿನ ಬೆಲೆ, ಕ್ವಿಂಟಾಲ್ ಲೆಕ್ಕದ ಕೂಲಿ, ಸುಣ್ಣ, ಗಾಣಕ್ಕೆ ಸುಡುವ ವಿದ್ಯುತ್ತು, ತುಂಬುವ ಚೀಲ ಇವೆಲ್ಲ ಈ ಗುಂಪಿನವು. ಇವನ್ನು ಬದಲಾಗುವ ವೆಚ್ಚ ಎನ್ನಬಹುದು. ಇನ್ನು ಕೆಲವು ಖರ್ಚುಗಳು ಒಂದು ಕೊಪ್ಪರಿಗೆ ಇಳಿಸಿದರೂ, ನೂರು ಕೊಪ್ಪರಿಗೆ ಇಳಿಸಿದರೂ ಒಂದೇ. ಜಾಗದ ಬಾಡಿಗೆ, ಗಾಣ ಮತ್ತು ಕೊಪ್ಪರಿಗೆಯ ಸವಕಳಿ, ಮೇಸ್ತ್ರಿಯ ವರ್ಷದ ಸಂಬಳ, ವಿಮೆಯ ಕಂತು ಈ ಬಗೆಯವು. ಇವು ಸ್ಥಿರ ವೆಚ್ಚ.

ಹೆಸರು ನೋಡಿ ಖರ್ಚನ್ನು ವಿಂಗಡಿಸಬಾರದು, ಅದರ ನಡತೆ ನೋಡಿ ವಿಂಗಡಿಸಬೇಕು. ಕೂಲಿ ಎಂದ ಮಾತ್ರಕ್ಕೆ ಅದು ಬದಲಾಗುವ ವೆಚ್ಚವಾಗುವುದಿಲ್ಲ. ಆಳುಗಳಿಗೆ ಇಡೀ ಹಂಗಾಮಿಗೆ ಇಷ್ಟು ಎಂದು ಮೊದಲೇ ಮಾತಾಗಿದ್ದು, ಕೆಲಸವಿರಲಿ ಬಿಡಲಿ ಕೊಡಬೇಕಾಗಿದ್ದರೆ ಆ ಕೂಲಿ ಸ್ಥಿರ ವೆಚ್ಚವೇ ಸರಿ.

ಉದಾಹರಣೆಗಾಗಿ ಸುಲಭವಾದ ಅಂಕಿಗಳನ್ನು ಇಟ್ಟುಕೊಳ್ಳಲಾಗಿದೆ. ಹತ್ತು ಕ್ವಿಂಟಾಲ್ ಕಬ್ಬಿಗೆ ಒಂದು ಕ್ವಿಂಟಾಲ್ ಬೆಲ್ಲ ಬರುವುದೆಂದು ಹಿಡಿದು, ಕಬ್ಬಿಗೆ 3000 ರೂಪಾಯಿ, ಉಳಿದ ಬದಲಾಗುವ ಖರ್ಚಿಗೆ 500 ರೂಪಾಯಿ. ಅಂದರೆ ಕ್ವಿಂಟಾಲ್ ಬೆಲ್ಲಕ್ಕೆ 3500 ರೂಪಾಯಿ ಬದಲಾಗುವ ವೆಚ್ಚ. ಮಾರುವ ಬೆಲೆ 4200 ರೂಪಾಯಿ. ಸ್ಥಿರ ವೆಚ್ಚ ವರ್ಷಕ್ಕೆ 6 ಲಕ್ಷ ರೂಪಾಯಿ. ಈ ದರಗಳು ಮೂರು ವರ್ಷವೂ ಒಂದೇ ಇವೆ ಎಂದು ಭಾವಿಸಬೇಕು. ಬದಲಾಗುವುದು ತಯಾರಿಸಿದ ಬೆಲ್ಲದ ಪ್ರಮಾಣ ಮಾತ್ರ.

ಮೂರು ವರ್ಷದ ಲೆಕ್ಕ

ಬದಲಾಗುವ ವೆಚ್ಚವನ್ನು ಬೆಲ್ಲದ ಮೇಲೆ ಹಾಕುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ತಕರಾರು ಇರುವುದು ಆ 6 ಲಕ್ಷದ ವಿಷಯದಲ್ಲಿ. ಅದನ್ನು ತಯಾರಾದ ಪ್ರತಿ ಕ್ವಿಂಟಾಲಿಗೂ ಹಂಚಿ, ಬೆಲ್ಲದ ವೆಚ್ಚದಲ್ಲಿ ಸೇರಿಸುವುದು ಒಂದು ರೀತಿ. ಇದನ್ನು ಪೂರ್ಣ ವೆಚ್ಚ ಪದ್ಧತಿ ಎನ್ನುತ್ತಾರೆ. ಅದನ್ನು ಬೆಲ್ಲಕ್ಕೆ ಅಂಟಿಸದೆ, ಆ ವರ್ಷದ ಖರ್ಚೆಂದು ಪೂರ್ತಿಯಾಗಿ ಆ ವರ್ಷವೇ ಕಳೆದುಬಿಡುವುದು ಇನ್ನೊಂದು ರೀತಿ. ಇದು ಬದಲಾಗುವ ವೆಚ್ಚ ಪದ್ಧತಿ.

ಮೊದಲ ವರ್ಷ 1000 ಕ್ವಿಂಟಾಲ್ ತಯಾರಿಸಿ ಅಷ್ಟನ್ನೂ ಮಾರಲಾಯಿತು. ಎರಡನೆಯ ವರ್ಷ ಕಬ್ಬು ಹೇರಳವಾಗಿ ಸಿಕ್ಕಿತು, 1200 ಕ್ವಿಂಟಾಲ್ ತಯಾರಾಯಿತು. ಮಾರಿದ್ದು 1000 ಮಾತ್ರ. ಮುಂದೆ ಬೆಲೆ ಬಂದೀತೆಂದು 200 ಕ್ವಿಂಟಾಲ್ ಉಳಿಸಿಕೊಂಡರು. ಮೂರನೆಯ ವರ್ಷ 800 ಕ್ವಿಂಟಾಲ್ ತಯಾರಿಸಿ, ಹಳೆಯ 200ನ್ನೂ ಸೇರಿಸಿ 1000 ಕ್ವಿಂಟಾಲ್ ಮಾರಿದರು.

| | 1ನೆಯ ವರ್ಷ | 2ನೆಯ ವರ್ಷ | 3ನೆಯ ವರ್ಷ |
|---|---|---|---|
| ತಯಾರಿಕೆ (ಕ್ವಿಂಟಾಲ್) | 1000 | 1200 | 800 |
| ಮಾರಾಟ (ಕ್ವಿಂಟಾಲ್) | 1000 | 1000 | 1000 |
| ಅಖೈರು ದಾಸ್ತಾನು (ಕ್ವಿಂಟಾಲ್) | 0 | 200 | 0 |
| ಲಾಭ, ಪೂರ್ಣ ವೆಚ್ಚ ಪದ್ಧತಿ (ರೂ.) | 1,00,000 | 2,00,000 | 0 |
| ಲಾಭ, ಬದಲಾಗುವ ವೆಚ್ಚ ಪದ್ಧತಿ (ರೂ.) | 1,00,000 | 1,00,000 | 1,00,000 |

ಬದಲಾಗುವ ವೆಚ್ಚ ಪದ್ಧತಿಯ ಲೆಕ್ಕ ಒಂದೇ ಸಾಲಿನದು. ಕ್ವಿಂಟಾಲಿಗೆ 700 ರೂಪಾಯಿಯಂತೆ 1000 ಕ್ವಿಂಟಾಲಿಗೆ 7 ಲಕ್ಷ ಉಳಿಯಿತು. ಅದರಲ್ಲಿ 6 ಲಕ್ಷ ಸ್ಥಿರ ವೆಚ್ಚ ಕಳೆದರೆ 1 ಲಕ್ಷ. ಮಾರಾಟ ಮೂರು ವರ್ಷವೂ ಒಂದೇ ಆದ್ದರಿಂದ ಲಾಭವೂ ಒಂದೇ.

ಪೂರ್ಣ ವೆಚ್ಚ ಪದ್ಧತಿಯಲ್ಲಿ ಮೊದಲ ವರ್ಷ ಕ್ವಿಂಟಾಲಿಗೆ 600 ರೂಪಾಯಿ ಸ್ಥಿರ ವೆಚ್ಚ ಬಿತ್ತು. ಎರಡನೆಯ ವರ್ಷ ಅದೇ 6 ಲಕ್ಷ 1200 ಕ್ವಿಂಟಾಲಿಗೆ ಹಂಚಿಹೋದದ್ದರಿಂದ ಕ್ವಿಂಟಾಲಿಗೆ 500 ರೂಪಾಯಿ ಆಯಿತು. ಬೆಲ್ಲದ ಪೂರ್ಣ ವೆಚ್ಚ 4000 ರೂಪಾಯಿ, ಮಾರಿದ್ದು 4200ಕ್ಕೆ. 1000 ಕ್ವಿಂಟಾಲಿಗೆ 200 ರೂಪಾಯಿಯಂತೆ 2 ಲಕ್ಷ ಲಾಭ. ಉಳಿದ 200 ಕ್ವಿಂಟಾಲ್ ಬೆಲ್ಲ ಒಂದೊಂದೂ 500 ರೂಪಾಯಿ ಸ್ಥಿರ ವೆಚ್ಚವನ್ನು ಹೊತ್ತುಕೊಂಡು ಉಗ್ರಾಣದಲ್ಲಿ ಕುಳಿತಿತು. ಆ 1 ಲಕ್ಷ ರೂಪಾಯಿಯ ಬಾಡಿಗೆ, ಸಂಬಳ, ಸವಕಳಿ ಎರಡನೆಯ ವರ್ಷದ ಖರ್ಚಾಗಿ ಕಾಣಿಸಲೇ ಇಲ್ಲ, ಆಸ್ತಿಯಾಗಿ ಕಾಣಿಸಿತು. ಹಿರಿಯರು ಕೇಳಿದ ಹೆಚ್ಚಿನ ಲಾಭ ಎಂದರೆ ಇದೇ.

ಮೂರನೆಯ ವರ್ಷ ಆ ಹೊರೆ ಇಳಿಯಿತು. ಹಳೆಯ ಬೆಲ್ಲ ಮಾರಾಟವಾದಾಗ ಅದು ಹೊತ್ತಿದ್ದ 1 ಲಕ್ಷ ಖರ್ಚಿಗೆ ಬಂತು. ಜೊತೆಗೆ ಆ ವರ್ಷದ 6 ಲಕ್ಷವೂ 800 ಕ್ವಿಂಟಾಲಿನ ಮೇಲೆ ಬಿತ್ತು. ಒಟ್ಟು 7 ಲಕ್ಷ ಸ್ಥಿರ ವೆಚ್ಚ, ಮಾರಾಟದಿಂದ ಉಳಿದದ್ದೂ 7 ಲಕ್ಷ, ಲಾಭ ಸೊನ್ನೆ. ಮಾರಾಟ ಕುಗ್ಗದಿದ್ದರೂ ಲಾಭ ಮಾಯವಾಯಿತೆಂದು ಮೇಸ್ತ್ರಿಯನ್ನು ಬೈಯುವುದು ಇಂಥ ವರ್ಷದಲ್ಲಿಯೇ. ಮೂರು ವರ್ಷ ಕೂಡಿ ನೋಡಿದರೆ ಎರಡು ಪದ್ಧತಿಯಲ್ಲಿಯೂ ಲಾಭ 3 ಲಕ್ಷ. ಯಾವ ವರ್ಷದ ಪಾಲಿಗೆ ಎಷ್ಟು ಎಂಬುದರಲ್ಲಷ್ಟೇ ವ್ಯತ್ಯಾಸ.

ಇದರಿಂದ ತಾಳೆ ನೋಡುವ ದಾರಿಯೂ ಸಿಗುತ್ತದೆ. ಅಖೈರು ದಾಸ್ತಾನಿನಲ್ಲಿ ಅಡಗಿರುವ ಸ್ಥಿರ ವೆಚ್ಚದಿಂದ ಆರಂಭದ ದಾಸ್ತಾನಿನಲ್ಲಿ ಅಡಗಿದ್ದ ಸ್ಥಿರ ವೆಚ್ಚವನ್ನು ಕಳೆದರೆ ಬರುವ ಮೊತ್ತವೇ ಎರಡು ಲಾಭಗಳ ನಡುವಿನ ಅಂತರ. ದಾಸ್ತಾನು ಬೆಳೆದ ವರ್ಷ ಸಾಮಾನ್ಯವಾಗಿ ಪೂರ್ಣ ವೆಚ್ಚ ಪದ್ಧತಿ ಹೆಚ್ಚು ಲಾಭ ತೋರಿಸುತ್ತದೆ, ಕರಗಿದ ವರ್ಷ ಕಡಿಮೆ. ಅಂತರ ಈ ಲೆಕ್ಕಕ್ಕೆ ಸರಿಹೊಂದದಿದ್ದರೆ ಬೇರೆಲ್ಲೋ ತಪ್ಪಾಗಿದೆ ಎಂದು ತಿಳಿಯಬೇಕು.

ಈ ಒಗಟು ಆಲೆಮನೆಯದ್ದೇ ಏನಲ್ಲ. 1936ರಲ್ಲಿ ಅಮೆರಿಕದ ಜೊನಾಥನ್ ಹ್ಯಾರಿಸ್ ಎಂಬ ಲೆಕ್ಕಪರಿಣತರು ಇದೇ ವಿಷಯವಾಗಿ ಲೇಖನ ಬರೆದರು. ಮಾರಾಟ ಏರಿದ ತಿಂಗಳು ಲಾಭ ಇಳಿದದ್ದು ಹೇಗೆ ಎಂಬುದೇ ಅಲ್ಲಿಯೂ ಪ್ರಶ್ನೆ.

ಹಣದ ಪೆಟ್ಟಿಗೆ ಹೇಳುವ ಮಾತು

ಕಾಗದದ ಮೇಲಿನ ವ್ಯತ್ಯಾಸ ಪಾಲು ಹಂಚುವ ದಿನ ನಿಜವಾದ ತೊಂದರೆಯಾಗುತ್ತದೆ. ಸ್ಥಿರ ವೆಚ್ಚದ 6 ಲಕ್ಷದಲ್ಲಿ ಸವಕಳಿ 1 ಲಕ್ಷ ಇದೆ ಎಂದು ಹಿಡಿದರೆ, ಕೈಯಿಂದ ಕೊಡುವ ಹಣ 5 ಲಕ್ಷ. ಎರಡನೆಯ ವರ್ಷ ಮಾರಾಟದಿಂದ ಬಂದದ್ದು 42 ಲಕ್ಷ. 1200 ಕ್ವಿಂಟಾಲ್ ತಯಾರಿಕೆಗೆ 3500ರಂತೆ ಹೋದದ್ದೂ 42 ಲಕ್ಷ. ಅದರ ಮೇಲೆ ಬಾಡಿಗೆ, ಸಂಬಳಕ್ಕೆ 5 ಲಕ್ಷ. ಎರಡು ಲಕ್ಷ ಲಾಭವೆಂದು ಪುಸ್ತಕ ಹೇಳುವ ವರ್ಷ ಪೆಟ್ಟಿಗೆಯಲ್ಲಿ 5 ಲಕ್ಷ ಕಡಿಮೆಯಾಗಿದೆ. ಆ ಲಾಭವನ್ನು ಐವರೂ ಹಂಚಿಕೊಳ್ಳಲು ಹೊರಟರೆ ಸಾಲ ಮಾಡಿ ಹಂಚಿಕೊಳ್ಳಬೇಕು. ಬಡ್ಡಿಯನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ, ಅದು ಬೇರೆ. ಮೂರನೆಯ ವರ್ಷವಾದರೋ ಲಾಭ ಸೊನ್ನೆ, ಆದರೆ ಪೆಟ್ಟಿಗೆಗೆ 9 ಲಕ್ಷ ಬರುತ್ತದೆ.

ಬದಲಾಗುವ ವೆಚ್ಚ ಪದ್ಧತಿಯೂ ಹಣದ ಪೆಟ್ಟಿಗೆಯ ಲೆಕ್ಕವಲ್ಲ. ಅದರಲ್ಲಿಯೂ ಎರಡನೆಯ ವರ್ಷ 1 ಲಕ್ಷ ಲಾಭವೇ ಕಾಣಿಸುತ್ತದೆ, ಏಕೆಂದರೆ ಉಳಿದ ಬೆಲ್ಲಕ್ಕೆ ಕೊಟ್ಟ ಕಬ್ಬಿನ ಹಣ ದಾಸ್ತಾನಿನ ಮೌಲ್ಯದಲ್ಲಿ ಕುಳಿತಿರುತ್ತದೆ. ಆದರೆ ಹೆಚ್ಚು ತಯಾರಿಸಿ ಉಗ್ರಾಣ ತುಂಬಿಸಿದ ಮಾತ್ರಕ್ಕೆ ಲಾಭ ಏರುವ ವಿಚಿತ್ರ ಅದರಲ್ಲಿ ಇಲ್ಲ. ಮೇಸ್ತ್ರಿಗೋ ವ್ಯವಸ್ಥಾಪಕನಿಗೋ ಲಾಭದ ಮೇಲೆ ಇನಾಮು ಕೊಡುವ ಪದ್ಧತಿ ಇದ್ದರೆ ಈ ಮಾತು ಮುಖ್ಯ. ಮಾರ್ಚಿ ತಿಂಗಳಲ್ಲಿ ಗಾಣ ನಿಲ್ಲದೆ ತಿರುಗುವುದಕ್ಕೆ ಕಾರಣ ಪೇಟೆಯ ಬೇಡಿಕೆಯೋ, ಇನಾಮಿನ ಆಸೆಯೋ ಎಂದು ಮಾರಾಟದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನೋಡಬೇಕು.

ಯಾವುದನ್ನು ಎಲ್ಲಿ ಬಳಸುವುದು

ಹೊರಗಿನವರಿಗೆ ತೋರಿಸುವ ವಾರ್ಷಿಕ ಲೆಕ್ಕಪತ್ರಗಳಲ್ಲಿ ಪೂರ್ಣ ವೆಚ್ಚ ಪದ್ಧತಿಯೇ ನಡೆಯುತ್ತದೆ. ಭಾರತದ ಲೆಕ್ಕಪರಿಶೋಧಕರ ಸಂಸ್ಥೆಯು 1999ರಲ್ಲಿ ಪರಿಷ್ಕರಿಸಿದ ದಾಸ್ತಾನು ಮೌಲ್ಯಮಾಪನದ ಎರಡನೆಯ ಲೆಕ್ಕ ಮಾನದಂಡವೂ ತಯಾರಿಕೆಯ ಸ್ಥಿರ ವೆಚ್ಚವನ್ನು ದಾಸ್ತಾನಿನಲ್ಲಿ ಸೇರಿಸಬೇಕೆನ್ನುತ್ತದೆ. ಆದರೆ ಒಂದು ಕಡಿವಾಣವಿದೆ. ಸ್ಥಿರ ವೆಚ್ಚವನ್ನು ಸಾಮಾನ್ಯ ವರ್ಷದ ತಯಾರಿಕೆಯ ಆಧಾರದ ಮೇಲೆ ಹಂಚಬೇಕು. ಕಬ್ಬು ಸಿಗದೆ ಗಾಣ ಅರ್ಧ ಹಂಗಾಮು ನಿಂತಿದ್ದರೆ, ಆ ನಷ್ಟದ ಭಾರವನ್ನು ತಯಾರಾದ ನಾಲ್ಕು ಅಚ್ಚಿನ ಮೇಲೆ ಹೇರಿ ದಾಸ್ತಾನಿನ ಬೆಲೆ ಉಬ್ಬಿಸುವಂತಿಲ್ಲ. ಹಂಚದೆ ಉಳಿದದ್ದನ್ನು ಆ ವರ್ಷದ ಖರ್ಚಿಗೇ ಬರೆಯಬೇಕು.

ಮನೆಯೊಳಗಿನ ತೀರ್ಮಾನಗಳಿಗೆ ಬದಲಾಗುವ ವೆಚ್ಚ ಪದ್ಧತಿ ಹೆಚ್ಚು ಅನುಕೂಲ. ಎಂದಿನ ಗಿರಾಕಿಗಳಿಗೆ ಕೊಟ್ಟು ಮುಗಿದ ಮೇಲೆ, ಹೊಸ ವರ್ತಕರೊಬ್ಬರು 100 ಕ್ವಿಂಟಾಲನ್ನು 3900ಕ್ಕೆ ಕೇಳಿದರೆ ಏನು ಮಾಡಬೇಕು? ಪೂರ್ಣ ವೆಚ್ಚ 4100 ಎಂದುಕೊಂಡವರು ನಷ್ಟವೆಂದು ಬಿಟ್ಟುಕೊಡುತ್ತಾರೆ. ಗಾಣ ಬಿಡುವಾಗಿದ್ದು, ಬಾಡಿಗೆ ಸಂಬಳಗಳು ಹೇಗಿದ್ದರೂ ಕೊಡಲೇಬೇಕಾದವಾದರೆ, ಕ್ವಿಂಟಾಲಿಗೆ 400ರಂತೆ 40,000 ರೂಪಾಯಿ ಉಳಿಯುತ್ತದೆ. ಆದರೆ ಎಲ್ಲ ಗಿರಾಕಿಗಳಿಗೂ ಪ್ರತಿ ವರ್ಷವೂ 3900ಕ್ಕೇ ಕೊಡಲು ಹೊರಟರೆ 1000 ಕ್ವಿಂಟಾಲಿಗೆ 4 ಲಕ್ಷ ಉಳಿದು, 6 ಲಕ್ಷದ ಸ್ಥಿರ ವೆಚ್ಚಕ್ಕೆ 2 ಲಕ್ಷ ಸಾಲದೆ ಬರುತ್ತದೆ. ಹಳೆಯ ಗಿರಾಕಿಗಳ ಕಿವಿಗೆ ಆ ದರ ಬಿದ್ದರೂ ಅದೇ ಗತಿ.

ಮಳೆಗಾಲದ ಬೆಲ್ಲ

ಸಿಮೆಂಟಿನ ಚೀಲಕ್ಕೂ ಬೆಲ್ಲಕ್ಕೂ ಸಮಾನವಾಗಿ ಒಂದು ಶತ್ರು ಇದೆ, ಅದು ತೇವ. ಮಳೆಗಾಲದ ಗಾಳಿಗೆ ಬೆಲ್ಲ ತೇವ ಎಳೆದುಕೊಂಡು ಜಿನುಗುತ್ತದೆ, ಬಣ್ಣ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ದಾಸ್ತಾನಿನಲ್ಲಿ ಅಡಗಿಸಿದ ಖರ್ಚು ಮುಂದಿನ ವರ್ಷ ತಾನಾಗಿ ವಸೂಲಾಗುತ್ತದೆ ಎಂಬ ಭರವಸೆ ಬೆಲ್ಲದ ಮಟ್ಟಿಗೆ ದುರ್ಬಲ. ಎರಡನೆಯ ವರ್ಷದ ಕೊನೆಯಲ್ಲಿ, ಉಳಿದ 200 ಕ್ವಿಂಟಾಲಿಗೆ ದಲ್ಲಾಳಿ ಮತ್ತು ಸಾಗಣೆ ಖರ್ಚು ಕಳೆದು 3800 ರೂಪಾಯಿಗಿಂತ ಹೆಚ್ಚು ಸಿಗಲಾರದೆಂದು ಗೊತ್ತಾದರೆ, 4000 ರೂಪಾಯಿಯ ಪೂರ್ಣ ವೆಚ್ಚದಲ್ಲಿ ಅದನ್ನು ಬರೆಯುವಂತಿಲ್ಲ. ವೆಚ್ಚ, ಮಾರಿದರೆ ಕೈಗೆ ಬರುವ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದನ್ನೇ ಹಿಡಿಯಬೇಕು. ಆಗ 40,000 ರೂಪಾಯಿ ಕಳೆದು ಆ ವರ್ಷದ ಲಾಭ 1,60,000ಕ್ಕೆ ಇಳಿಯುತ್ತದೆ. ಗುಮಾಸ್ತನು ಓದಿದ ಎರಡು ಲಕ್ಷದ ಬಗ್ಗೆ ಸಂಶಯ ಬಂದವರು ಪುಸ್ತಕ ಮಗುಚುವ ಮೊದಲು ಉಗ್ರಾಣಕ್ಕೆ ಹೋಗಿ, ಅಡಿಯ ಸಾಲಿನ ಒಂದು ಅಚ್ಚನ್ನು ತೆಗೆದು ಒಡೆದು ನೋಡುವುದು ಒಳ್ಳೆಯದು.